ಕಡಾಯಿ ತಳದ ಕಂದು ಅಂಟು: ರೆಸಿಪಿಯಲ್ಲಿ ‘ಡಿಗ್ಲೇಝ್’ ಅಂದರೆ ಏನು, ಮಾಡುವುದು ಹೇಗೆ

ಹೋದ ಬೇಸಿಗೆಯಲ್ಲಿ ಪುಣೆಯಿಂದ ಅಕ್ಕನ ಮಗಳ ಫೋನ್ ಬಂತು. ಯಾವುದೋ ಇಂಗ್ಲಿಷ್ ರೆಸಿಪಿ ಎದುರಿಗಿಟ್ಟುಕೊಂಡು ಚಿಕನ್ ಮಾಡಲು ಹೊರಟಿದ್ದಳು.

“ಚಿಗವ್ವಾ, ಚಿಕನ್ ಹುರದ ಮ್ಯಾಲ ‘ಡಿಗ್ಲೇಝ್ ದ ಪ್ಯಾನ್ ವಿತ್ ವೈನ್’ ಅಂತ ಬರದಾರ. ನಮ್ಮನ್ಯಾಗ ವೈನ್ ಎಲ್ಲಿಂದ ತರ್ಲಿ? ಈ ಡಿಗ್ಲೇಝ್ ಅಂದ್ರ ಏನು?”

“ವೈನ್ ಬಿಡು. ನಿಮ್ಮವ್ವ ಮಟನ್ ಹುರಿಯೂ ಮುಂದ ಕಡಾಯಿಗಿ ಚೂರು ಚೂರು ನೀರು ಹೊಡೀತಾಳಲ್ಲ, ಅದೇ ಇದು.”

ಒಂದೆರಡು ಕ್ಷಣ ಸುಮ್ಮನಿದ್ದಳು. “ಅದಕ್ಕ ಇಷ್ಟು ದೊಡ್ಡ ಹೆಸರಾ?” ಅಂದಳು.

ಹೆಸರು ದೊಡ್ಡದು, ಕೆಲಸ ಸಣ್ಣದು. ಆದರೆ ಆ ಸಣ್ಣ ಕೆಲಸವನ್ನು ಯಾವಾಗ, ಎಷ್ಟು ನೀರಿನಿಂದ, ಕಡಾಯಿ ತಳ ಯಾವ ಬಣ್ಣಕ್ಕೆ ಬಂದಾಗ ಮಾಡಬೇಕು ಅನ್ನುವುದರ ಮೇಲೆ ಸಾರಿನ ರುಚಿ ನಿಂತಿದೆ. ಕಲಬುರಗಿಯಲ್ಲಿ ನಾನು ಸಣ್ಣದೊಂದು ಖಾನಾವಳಿ ನಡೆಸುತ್ತೇನೆ. ದಿನಾ ಬೆಳಗ್ಗೆ ಮಟನ್ ಹುರಿಯುವ ಕೈ ಇದು. ಫೋನಿನಲ್ಲಿ ಅವಳಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಾತಿನ ಅರ್ಥ

ಮಾಂಸವನ್ನೋ ಉಳ್ಳಾಗಡ್ಡಿಯನ್ನೋ ಚೆನ್ನಾಗಿ ಹುರಿದಾಗ ಪಾತ್ರೆಯ ತಳಕ್ಕೆ ಕಂದು ಬಣ್ಣದ ಪದರ ಅಂಟಿಕೊಳ್ಳುತ್ತದೆ. ಪಾತ್ರೆ ಬಿಸಿ ಇರುವಾಗಲೇ ಸ್ವಲ್ಪ ದ್ರವ ಸುರಿದು, ಕಟ್ಟಿಗೆ ಸಟ್ಟುಗದಿಂದ ಆ ಪದರವನ್ನು ಎಬ್ಬಿಸಿ, ದ್ರವದಲ್ಲಿ ಕರಗಿಸಿಕೊಳ್ಳುವುದೇ ಡಿಗ್ಲೇಝ್. ಮಾತು ಫ್ರೆಂಚ್ ಅಡುಗೆಮನೆಯಿಂದ ಬಂದದ್ದು. ಅಂಟಿದ ಪದರಕ್ಕೆ ಇಂಗ್ಲಿಷ್ ಅಡುಗೆಯವರು ‘ಫಾಂಡ್’ ಎನ್ನುತ್ತಾರೆ. ಅದೂ ಫ್ರೆಂಚ್ ಮಾತೇ, ತಳ ಅಥವಾ ಬುನಾದಿ ಎಂದು ಅರ್ಥ. ತಮಾಷೆ ಏನೆಂದರೆ ಫ್ರೆಂಚ್ ಅಡುಗೆಯವರಿಗೆ ‘ಫಾಂಡ್’ ಅಂದರೆ ಎಲುಬು ಕುದಿಸಿದ ರಸ. ಪಾತ್ರೆಗೆ ಅಂಟಿದ್ದಕ್ಕೆ ಅವರು ‘ಸುಕ್’ ಅನ್ನುತ್ತಾರೆ. ನಾನು ಇಲ್ಲಿ ಸುಮ್ಮನೆ ‘ಅಂಟು’ ಎಂದು ಕರೆಯುತ್ತೇನೆ.

ನಮ್ಮಲ್ಲಿ ‘ತಳ ಹಿಡೀತು’ ಅಂದರೆ ಬೈಗುಳಕ್ಕೆ ಸಮ. ಹಾಲು ತಳ ಹಿಡಿದರೆ, ಅನ್ನ ಹೊತ್ತಿದರೆ ಅಡುಗೆ ಕೆಟ್ಟಿತು ಎಂದೇ ಲೆಕ್ಕ. ಹಾಗಾಗಿ ತಳಕ್ಕೆ ಏನಾದರೂ ಅಂಟಿತೆಂದರೆ ಕೈ ತಾನಾಗಿ ಉರಿ ಸಣ್ಣ ಮಾಡುತ್ತದೆ, ಇಲ್ಲವೇ ಎಣ್ಣೆ ಸುರಿಯುತ್ತದೆ. ಆದರೆ ಹೊತ್ತಿದ್ದು ಬೇರೆ, ಹದವಾಗಿ ಕಂದಾಗಿ ಅಂಟಿದ್ದು ಬೇರೆ. ಮೊದಲನೆಯದನ್ನು ಬಿಸಾಕಬೇಕು, ಎರಡನೆಯದನ್ನು ಸಾರಿಗೆ ಇಳಿಸಬೇಕು. ಎರಡಕ್ಕೂ ನಡುವೆ ಒಂದೆರಡು ನಿಮಿಷದ ಅಂತರ ಮಾತ್ರ ಇರುವುದರಿಂದಲೇ ತೊಂದರೆ.

ಅಂಟು ಹುಟ್ಟುವ ಬಗೆ

ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ. ಬಿಸಿ ಕಡಾಯಿಗೆ ಬಿದ್ದ ಕೂಡಲೇ ರಸ ಹೊರಬರುತ್ತದೆ. ರಸದ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಪ್ರೋಟೀನು, ಸಕ್ಕರೆ, ಉಪ್ಪು ತೆಳ್ಳಗೆ ಲೇಪ ಬಳಿದ ಹಾಗೆ ಲೋಹದ ಮೇಲೆ ಉಳಿಯುತ್ತವೆ. ಈ ಲೇಪ ಸುಮಾರು 140 ಡಿಗ್ರಿ ದಾಟಿದ ಮೇಲೆ ಭರದಿಂದ ಕಂದಾಗತೊಡಗುತ್ತದೆ. ಪ್ರೋಟೀನಿನ ಅಮೈನೊ ಆಮ್ಲಗಳೂ ಸಕ್ಕರೆಯೂ ಬಿಸಿಯಲ್ಲಿ ಒಂದರೊಡನೊಂದು ಸೇರಿ ಹೊಸ ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಲೂಯಿ ಕಮೀ ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರೇ ಈ ಕ್ರಿಯೆಗೆ ಇದೆ. ಹಂಚಿನ ಮೇಲೆ ಜೋಳದ ರೊಟ್ಟಿಗೆ ಬೀಳುವ ಕಂದು ಚುಕ್ಕೆ, ಹುರಿದ ಶೇಂಗಾದ ಘಮ, ತುಪ್ಪ ಕಾಸಿದ ಪಾತ್ರೆಯ ತಳದ ಗಸಿ, ಎಲ್ಲದರ ಹಿಂದೆಯೂ ಇದೇ ಕ್ರಿಯೆ.

ಇಲ್ಲಿ ಗಮನಿಸಬೇಕಾದದ್ದು ನೀರು. ನೀರು ಇರುವತನಕ ಆ ಜಾಗ 100 ಡಿಗ್ರಿ ದಾಟುವುದಿಲ್ಲ, ದಾಟದೆ ಕಂದಾಗುವುದಿಲ್ಲ. ತೊಳೆದ ಮಟನ್ನನ್ನು ನೀರು ಸೋರುತ್ತಿರುವಂತೆಯೇ ಕಡಾಯಿಗೆ ಸುರಿದರೆ ಅದು ಹುರಿಯುವುದಿಲ್ಲ, ತನ್ನ ನೀರಿನಲ್ಲೇ ಬೇಯುತ್ತದೆ. ತಳ ಬೆಳ್ಳಗೇ ಉಳಿಯುತ್ತದೆ. ‘ನನ್ನ ಕಡಾಯಿಗೆ ಅಂಟೇ ಬರೋದಿಲ್ಲ’ ಅನ್ನುವವರಲ್ಲಿ ಹೆಚ್ಚಿನವರ ಕಥೆ ಇದೇ.

ಇನ್ನೊಂದು ಸಂಗತಿ. ಈ ಅಂಟು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ತಳ ಹಿಡಿಯುತ್ತಿದೆ ಎಂದು ಇನ್ನೊಂದು ಸಟ್ಟುಗ ಎಣ್ಣೆ ಹಾಕಿದರೆ ಅಂಟು ಬಿಡದೆ ಅಲ್ಲೇ ಇನ್ನಷ್ಟು ಕರಿಯುತ್ತದೆ, ಮೇಲೆ ಎಣ್ಣೆ ತೇಲುತ್ತದೆ. ಅದೇ ಜಾಗಕ್ಕೆ ಎರಡು ಚಮಚ ನೀರು ಬಿದ್ದರೆ ಮೂರು ಕೆಲಸ ಒಟ್ಟಿಗೆ ಆಗುತ್ತವೆ: ಆವಿ ಪದರದ ಅಡಿಯಿಂದ ಎತ್ತುತ್ತದೆ, ನೀರು ಕರಗಿಸುತ್ತದೆ, ಪಾತ್ರೆ ತಣಿದು ಹೊತ್ತುವುದು ನಿಲ್ಲುತ್ತದೆ.

ಯಾವ ಪಾತ್ರೆ

ದಪ್ಪ ತಳದ ಸ್ಟೀಲ್ ಕಡಾಯಿ ಎಲ್ಲಕ್ಕಿಂತ ಒಳ್ಳೆಯದು. ಅಂಟು ಚೆನ್ನಾಗಿ ಕೂಡುತ್ತದೆ, ಬಣ್ಣ ಕಣ್ಣಿಗೆ ಕಾಣುತ್ತದೆ, ಹುಳಿ ಹಾಕಿದರೂ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ಕಡಾಯಿಯಲ್ಲೂ ನಡೆಯುತ್ತದೆ, ಆದರೆ ಟಮಾಟಿ, ಹುಣಸಿ ಹಾಕಿ ಬಹಳ ಹೊತ್ತು ಕುದಿಸಬಾರದು. ಕಬ್ಬಿಣದ ಕಡಾಯಿಯಲ್ಲಿ ಅಂಟು ಸೊಗಸಾಗಿ ಬರುತ್ತದೆ, ಆದರೆ ತಳವೇ ಕಪ್ಪಗಿರುವುದರಿಂದ ಬಣ್ಣ ಗೊತ್ತಾಗುವುದಿಲ್ಲ. ಅಲ್ಲಿ ಮೂಗೇ ಗತಿ. ಹುಳಿ ಹಾಕಿದರೆ ಎಣ್ಣೆ ಕುಡಿಸಿ ಪಳಗಿಸಿದ ಮೈ ಬಿಟ್ಟುಕೊಂಡು ಸಾರಿಗೆ ಕಬ್ಬಿಣದ ರುಚಿ ಬರುತ್ತದೆ.

ನಾನ್‌ಸ್ಟಿಕ್ ತವಾದಲ್ಲಿ ಈ ಕೆಲಸಕ್ಕೆ ಅರ್ಥವೇ ಇಲ್ಲ. ಅಂಟಬಾರದೆಂದೇ ಮಾಡಿದ ಪಾತ್ರೆ ಅದು. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯನ್ನೂ ಈ ಕೆಲಸಕ್ಕೆ ಇಳಿಸಬೇಡಿ. ಕಲಾಯಿಯ ತವರ 232 ಡಿಗ್ರಿಗೆ ಕರಗುತ್ತದೆ. ದೊಡ್ಡ ಉರಿಯ ಮೇಲೆ ಒಣ ಪಾತ್ರೆ ಅಷ್ಟು ಕಾಯಲು ಬಹಳ ಹೊತ್ತು ಬೇಡ. ಮಣ್ಣಿನ ಗಡಿಗೆ, ಗಾಜಿನ ಪಾತ್ರೆ ಕಾದಿರುವಾಗ ತಣ್ಣೀರು ಬಿದ್ದರೆ ಸೀಳುತ್ತವೆ.

ಅರ್ಧ ಕಿಲೋ ಮಟನ್, ಮೊದಲಿನಿಂದ

ಎಲುಬು ಸಹಿತ ಅರ್ಧ ಕಿಲೋ ಆಡಿನ ಮಟನ್, ಎರಡು ದೊಡ್ಡ ಉಳ್ಳಾಗಡ್ಡಿ, ಒಂದು ಚಮಚ ಶುಂಠಿ ಬಳ್ಳೊಳ್ಳಿ ಪೇಸ್ಟ್, ಒಂದು ಟಮಾಟಿ, ಮನೆಯ ಮಸಾಲಿ ಖಾರ, ಅರಿಶಿಣ, ಉಪ್ಪು, ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ. ಸಾಮಾನು ದಿನದ್ದೇ. ಬದಲಾಗುವುದು ಕ್ರಮ ಮಾತ್ರ. ಶುರು ಮಾಡುವ ಮೊದಲು ಪಕ್ಕದ ಒಲೆಯ ಮೇಲೆ ಎರಡು ಲೋಟ ನೀರು ಬಿಸಿ ಮಾಡಿ ಇಟ್ಟುಕೊಳ್ಳಿ. ಈ ಬಿಸಿನೀರು ಇಲ್ಲದೆ ಮುಂದಿನದು ಸಾಗುವುದಿಲ್ಲ.

ಮಟನ್ ತೊಳೆದು ಜಾಳಿಗೆಯಲ್ಲಿ ಕಾಲು ಗಂಟೆ ಸೋರಲು ಬಿಡಿ. ಆಮೇಲೆ ಹಳೆಯ ಶುಭ್ರ ಬಟ್ಟೆಯಿಂದ ಒಂದೊಂದೇ ತುಂಡು ಒರೆಸಿ. ಹೌದು, ಒಂದೊಂದೇ. ನಮ್ಮ ಅಡುಗೆಯ ಹುಡುಗಿ ಇದನ್ನು ನೋಡಿ ನಗುತ್ತಿದ್ದಳು, ಈಗ ಅವಳೇ ಒರೆಸುತ್ತಾಳೆ. ಅರಿಶಿಣ, ಖಾರ, ಪೇಸ್ಟ್ ಯಾವುದನ್ನೂ ಈಗ ಸವರಬೇಡಿ. ಮಾಂಸ ಕಂದಾಗುವಷ್ಟು ಬಿಸಿಯಲ್ಲಿ ಖಾರಪುಡಿ ಮೊದಲೇ ಕರಿದು ಕಹಿಯಾಗುತ್ತದೆ. ಉಪ್ಪನ್ನು ಕಡಾಯಿಗೆ ಹಾಕುವ ಹೊತ್ತಿಗೆ ಮೇಲೆ ಉದುರಿಸಿದರೆ ಸಾಕು. ಹತ್ತು ನಿಮಿಷ ಮೊದಲೇ ಹಚ್ಚಿಟ್ಟರೆ ಒರೆಸಿದ ನೀರೆಲ್ಲ ಮತ್ತೆ ಹೊರಗೆ ಬರುತ್ತದೆ.

ಕಡಾಯಿಯನ್ನು ನಡು ಉರಿಯ ಮೇಲೆ ಖಾಲಿ ಕಾಯಿಸಿ. ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹನಿ ಬಿದ್ದಲ್ಲೇ ಚುರ್ ಎಂದು ಆರಿದರೆ ಇನ್ನೂ ಕಾಯಬೇಕು. ಮಣಿಯ ಹಾಗೆ ದುಂಡಗಾಗಿ ತಳದ ತುಂಬಾ ಓಡಾಡಿದರೆ ಹದ ಬಂದಿದೆ. ಆ ಹನಿಗಳು ಆರಿದ ಮೇಲೆ ಎರಡು ಚಮಚ ಎಣ್ಣೆ ಹಾಕಿ. ಎಣ್ಣೆ ಅಲೆಅಲೆಯಾಗಿ ಹರಿದ ಕೂಡಲೇ ಅರ್ಧ ಮಟನ್ನನ್ನು ಒಂದರ ಮೇಲೊಂದು ಬೀಳದ ಹಾಗೆ, ನಡುವೆ ಬೆರಳು ಹಾಯುವಷ್ಟು ಜಾಗ ಬಿಟ್ಟು ಇಡಿ. ಎಲ್ಲವನ್ನೂ ಒಮ್ಮೆಲೇ ಸುರಿದರೆ ಕಡಾಯಿ ತಣಿಯುತ್ತದೆ, ನೀರು ಬಿಡುತ್ತದೆ, ಮತ್ತೆ ಅದೇ ಬೇಯುವ ಕಥೆ.

ಈಗ ಕೈ ಕಟ್ಟಿ ನಿಲ್ಲಬೇಕು. ಮೂರು ನಾಲ್ಕು ನಿಮಿಷ ಸಟ್ಟುಗ ಹಾಕಬಾರದು. ಮೊದಲ ನಿಮಿಷದಲ್ಲಿ ತುಂಡನ್ನು ಎಳೆದರೆ ಚರ್ಮ ಕಿತ್ತ ಹಾಗೆ ತಳಕ್ಕೇ ಕಚ್ಚಿಕೊಂಡಿರುತ್ತದೆ. ಅಡಿಯಲ್ಲಿ ಹೊರಪು ಕಟ್ಟಿದ ಮೇಲೆ ಅದೇ ತುಂಡು ತಾನೇ ಸಡಿಲಾಗುತ್ತದೆ. ಇಕ್ಕಳದಿಂದ ಮೆಲ್ಲಗೆ ಅಲ್ಲಾಡಿಸಿ ನೋಡಿ, ಬಿಡದಿದ್ದರೆ ಇನ್ನೂ ಅರ್ಧ ನಿಮಿಷ ಬಿಡಿ. ತಿರುವಿ, ಇನ್ನೊಂದು ಮಗ್ಗುಲೂ ಆದ ಮೇಲೆ ತಾಟಿಗೆ ತೆಗೆದು ಉಳಿದರ್ಧ ಹಾಕಿ.

ಎರಡನೇ ಸರದಿಗೆ ಹೋಗುವ ಮೊದಲು ಒಮ್ಮೆ ತಳ ನೋಡಿ. ಈಗಾಗಲೇ ಬೆಲ್ಲದ ಬಣ್ಣಕ್ಕೆ ಬಂದಿದ್ದರೆ ಎರಡನೇ ಸರದಿ ಮುಗಿಯುವ ಹೊತ್ತಿಗೆ ಅದು ಕಪ್ಪಾಗುವುದು ಖಂಡಿತ. ಹಾಗಿದ್ದರೆ ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿ, ನಾಲ್ಕು ಚಮಚ ಬಿಸಿನೀರು ಹಾಕಿ ಅಂಟನ್ನು ಎಬ್ಬಿಸಿ, ಆ ಕಂದು ನೀರನ್ನು ಇನ್ನೊಂದು ಬಟ್ಟಲಿಗೆ ತೆಗೆದಿಡಿ. ಕಡಾಯಿಯನ್ನು ಒರೆಸಿ ಎಣ್ಣೆ ತಿರುಗಿ ಹಾಕಿ ಮುಂದುವರಿಯಿರಿ. ತೆಗೆದಿಟ್ಟ ನೀರು ಕೊನೆಗೆ ಸಾರಿಗೇ ಹೋಗುತ್ತದೆ. ಖಾನಾವಳಿಯಲ್ಲಿ ಐದು ಕಿಲೋ ಹುರಿಯುವಾಗ ಹೀಗೆ ಮಾಡದೆ ಗತಿಯಿಲ್ಲ.

ಸುರಿಯುವ ಕ್ಷಣ

ಮಟನ್ ಎಲ್ಲ ತಾಟಿಗೆ ಬಂತು. ಉರಿ ಸಣ್ಣ ಮಾಡಿ. ಕಡಾಯಿಯಲ್ಲಿ ಎಣ್ಣೆ, ಕೊಬ್ಬು ಹೆಚ್ಚಿದ್ದರೆ ಒಂದೆರಡು ಚಮಚದಷ್ಟು ಉಳಿಸಿ ಮಿಕ್ಕದ್ದನ್ನು ಬಗ್ಗಿಸಿಬಿಡಿ. ಕಾದ ಎಣ್ಣೆಯ ಅಡಿಗೆ ನೀರು ಇಳಿದರೆ ಒಮ್ಮೆಲೇ ಆವಿಯಾಗಿ ಎಣ್ಣೆಯನ್ನು ಮುಖಕ್ಕೆ ಸಿಡಿಸುತ್ತದೆ. ನನ್ನ ಎಡ ಮಣಿಕಟ್ಟಿನ ಮೇಲೆ ಕಾಸಿನಗಲ ಕಲೆ ಇದೆ. ಅವತ್ತು ಎಣ್ಣೆ ಬಗ್ಗಿಸದೆ ಲೋಟ ಎತ್ತಿ ಸುರಿದಿದ್ದೆ.

ಮೊದಲು ಹೋಗಬೇಕಾದದ್ದು ನೀರಲ್ಲ, ಉಳ್ಳಾಗಡ್ಡಿ. ಅದರಲ್ಲೇ ಬೇಕಾದಷ್ಟು ನೀರಿದೆ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯ ಮೇಲೆ ಚಿಟಿಕೆ ಉಪ್ಪು ಉದುರಿಸಿದರೆ ಒಂದು ನಿಮಿಷದಲ್ಲಿ ನೀರು ಬಿಡುತ್ತದೆ, ಆ ನೀರಿಗೇ ತಳದ ಅಂಟು ಮೆತ್ತಗಾಗುತ್ತದೆ. ಕಟ್ಟಿಗೆ ಸಟ್ಟುಗದ ಚಪ್ಪಟೆ ಅಂಚಿನಿಂದ ತಳ ತಿಕ್ಕುತ್ತಾ ಹೋಗಿ. ಬೆಳ್ಳಗಿದ್ದ ಉಳ್ಳಾಗಡ್ಡಿ ನೋಡನೋಡುತ್ತ ಕಂದಾಗುತ್ತದೆ. ಅದು ಉಳ್ಳಾಗಡ್ಡಿ ಹುರಿದ ಬಣ್ಣ ಅಲ್ಲ, ಮಟನ್ ಬಿಟ್ಟ ಬಣ್ಣ. ಉಳ್ಳಾಗಡ್ಡಿ ನಿಜಕ್ಕೂ ಹುರಿಯಲು ಇನ್ನೂ ಹತ್ತು ನಿಮಿಷ ಬೇಕು. ಇಲ್ಲಿ ಬಹಳ ಮಂದಿ ಮೋಸ ಹೋಗಿ ಬೇಗ ಮಸಾಲೆ ಹಾಕುತ್ತಾರೆ, ಸಾರಿನಲ್ಲಿ ಹಸಿ ಉಳ್ಳಾಗಡ್ಡಿಯ ಸಿಹಿ ಉಳಿಯುತ್ತದೆ.

ಉಳ್ಳಾಗಡ್ಡಿ ಹುರಿಯುತ್ತಾ ಅದರ ನೀರು ಆರಿ, ಅದರದೇ ಸಕ್ಕರೆ ತಳಕ್ಕೆ ಅಂಟತೊಡಗುತ್ತದೆ. ತಳ ಹುರಿದ ಶೇಂಗಾಬೀಜದ ಬಣ್ಣಕ್ಕೆ ಬಂದಾಗ ಬಿಸಿನೀರು, ಎರಡು ಮೂರು ದೊಡ್ಡ ಚಮಚ ಮಾತ್ರ, ಕಡಾಯಿಯ ಅಂಚಿನಿಂದ ಸುತ್ತ ಸುರಿಯಿರಿ. ಚರ್ ಎಂದು ಆವಿ ಏಳಬೇಕು. ಸದ್ದು ಬರದಿದ್ದರೆ ಕಡಾಯಿ ತಣಿದಿದೆ, ಸ್ವಲ್ಪ ಉರಿ ಏರಿಸಿ. ಸದ್ದಿನ ನಡುವೆಯೇ ತಳ ಕೆರೆಯಿರಿ. ನೀರು ಚಹಾದ ಬಣ್ಣಕ್ಕೆ ತಿರುಗಿ, ಅರ್ಧ ನಿಮಿಷದಲ್ಲಿ ಆರಿ, ಉಳ್ಳಾಗಡ್ಡಿಯನ್ನು ಅಪ್ಪಿಕೊಳ್ಳುತ್ತದೆ. ಮತ್ತೆ ಅಂಟುತ್ತದೆ, ಮತ್ತೆ ಎರಡು ಚಮಚ ನೀರು. ಹೀಗೆ ಮೂರು ಸಲ. ಪ್ರತಿ ಸಲವೂ ಉಳ್ಳಾಗಡ್ಡಿ ಒಂದು ಬಣ್ಣ ಮೇಲೇರುತ್ತದೆ, ಮುದ್ದೆಯಾಗುತ್ತದೆ. ಹಿಂದಿ, ಉರ್ದು ಆಡುವ ನಮ್ಮೂರಿನ ಅಡುಗೆಯವರು ‘ಭೂನ್‌ನಾ’ ಅನ್ನುವುದು ಇದನ್ನೇ. ಫ್ರೆಂಚರು ಒಂದೇ ಸಲ ಕೊನೆಗೆ ಮಾಡುವುದನ್ನು ನಾವು ಮೂರು ನಾಲ್ಕು ಸಲ ನಡುವೆ ಮಾಡುತ್ತೇವೆ, ವ್ಯತ್ಯಾಸ ಅಷ್ಟೇ.

ನೀರು ಏಕೆ ಚೂರು ಚೂರು? ಒಂದು ಲೋಟ ಸುರಿದರೆ ಅಂಟೇನೋ ಬಿಡುತ್ತದೆ, ಆದರೆ ಆ ನೀರು ಆರುವತನಕ ಮುಂದೆ ಏನೂ ಕಂದಾಗುವುದಿಲ್ಲ. ಹುರಿಯುವ ಕೆಲಸ ಅಲ್ಲಿಗೇ ನಿಂತು ಕುದಿಯುವ ಕೆಲಸ ಶುರುವಾಗುತ್ತದೆ.

ಮೂರನೇ ಸಲದ ನೀರು ಆರುವ ಹೊತ್ತಿಗೆ ಶುಂಠಿ ಬಳ್ಳೊಳ್ಳಿ ಪೇಸ್ಟ್ ಹಾಕಿ. ಎಲ್ಲಕ್ಕಿಂತ ಬೇಗ ತಳ ಹಿಡಿಯುವುದು ಇದೇ, ಒಂದು ನಿಮಿಷವೂ ಕಣ್ಣು ತೆಗೆಯಬೇಡಿ. ಹಸಿ ವಾಸನೆ ಹೋದ ಕೂಡಲೇ ಹೆಚ್ಚಿದ ಟಮಾಟಿ. ಅದರ ನೀರು, ಹುಳಿ ಎರಡೂ ಸೇರಿ ಪೇಸ್ಟಿನ ಅಂಟನ್ನು ಬಿಡಿಸುತ್ತವೆ. ಟಮಾಟಿ ಕರಗಿದ ಮೇಲೆ ಮಸಾಲಿ ಖಾರ, ಅರಿಶಿಣವನ್ನು ಅರ್ಧ ಬಟ್ಟಲು ಬಿಸಿನೀರಿನಲ್ಲಿ ಕದಡಿ ಸುರಿಯಿರಿ. ಒಣಪುಡಿಯನ್ನು ನೇರವಾಗಿ ಹಾಕಿದರೆ ಉರಿ ತೀರ ಸಣ್ಣದಿರಬೇಕು, ನೀರಿನ ಲೋಟ ಕೈಯಲ್ಲೇ ಇರಬೇಕು. ಎಣ್ಣೆ ಅಂಚಿಗೆ ಬಿಟ್ಟುಕೊಂಡಾಗ ಮಟನ್ ಹಾಕಿ. ತಾಟಿನಲ್ಲಿ ಇಳಿದ ರಸವನ್ನು, ತೆಗೆದಿಟ್ಟ ಕಂದು ನೀರನ್ನು ಮರೆಯಬೇಡಿ.

ಕುಕ್ಕರ್ ಮುಚ್ಚುವ ಮೊದಲು

ಹೆಚ್ಚಿನ ಮನೆಗಳಲ್ಲಿ ಹುರಿಯುವುದೂ ಬೇಯಿಸುವುದೂ ಒಂದೇ ಕುಕ್ಕರಿನಲ್ಲಿ. ತಪ್ಪೇನಿಲ್ಲ, ಆದರೆ ಅಲ್ಲಿ ಡಿಗ್ಲೇಝ್ ಬಿಟ್ಟರೆ ರುಚಿ ಹೋಗುವುದಷ್ಟೇ ಅಲ್ಲ, ಇಡೀ ಅಡುಗೆಯೇ ಹೋಗುತ್ತದೆ. ತಳಕ್ಕೆ ಅಂಟಿದ ಮಸಾಲೆಯನ್ನು ಎಬ್ಬಿಸದೆ ಮೇಲೆ ನೀರು ಹಾಕಿ ಮುಚ್ಚಳ ಬಿಗಿದರೆ, ಮುಚ್ಚಿದ ಮೇಲೆ ಕೈಯಾಡಿಸಲು ಬರುವುದಿಲ್ಲ. ಮೇಲೆ ಸಾರು ಕುದಿಯುತ್ತಿದ್ದರೂ ಅಡಿಯ ದಪ್ಪ ಪದರ ಒಲೆಯ ಕಡೆಯಿಂದ ಸುಡುತ್ತಲೇ ಇರುತ್ತದೆ. ಮೂರನೇ ಸೀಟಿಗೆ ಮನೆ ತುಂಬಾ ಹೊತ್ತಿದ ವಾಸನೆ.

ಹಾಗಾಗಿ ಮಟನ್ ಹಾಕಿ, ಒಂದೂವರೆ ಲೋಟ ಬಿಸಿನೀರು ಸುರಿದ ಮೇಲೆ ಮುಚ್ಚಳ ಕೈಗೆತ್ತಿಕೊಳ್ಳಬೇಡಿ. ಒಂದು ಕುದಿ ಬರಲಿ. ಕಟ್ಟಿಗೆ ಸಟ್ಟುಗವನ್ನು ತಳಕ್ಕೆ ಒತ್ತಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆಯಿರಿ. ಗಾಜಿನ ಮೇಲೆ ಎಳೆದ ಹಾಗೆ ನುಣ್ಣಗೆ ಸರಿದರೆ ಮುಚ್ಚಬಹುದು. ಎಲ್ಲಾದರೂ ಜರ್ ಎಂದು ತಡವರಿಸಿದರೆ ಅಲ್ಲಿ ಇನ್ನೂ ಅಂಟು ಇದೆ, ಅಲ್ಲೇ ಕೆರೆಯಿರಿ. ತಳದ ಸುತ್ತಿನ ಮೂಲೆಯಲ್ಲಿ, ಗೋಡೆ ತಿರುಗುವ ಜಾಗದಲ್ಲಿ ಅಂಟು ಅಡಗಿರುತ್ತದೆ. ಅಲ್ಲಿಗೆ ಉಕ್ಕಿನ ಚಮಚದ ತುದಿ ಒಳ್ಳೆಯದು.

ಆಡಿನ ಮಟನ್ ಎಳೆಯದಿದ್ದರೆ ನಾಲ್ಕೈದು ಸೀಟಿ, ಬಲಿತಿದ್ದರೆ ಇನ್ನೂ ಎರಡು ಮೂರು. ಮುಚ್ಚಳ ತೆಗೆದ ಮೇಲೆ ಸಾರು ತೆಳ್ಳಗಿದ್ದರೆ ತೆರೆದು ಕುದಿಸಿ ಇಳಿಸಿ. ಉಪ್ಪು ನೋಡುವುದು ಇಳಿಸಿದ ಮೇಲೆ. ಕುದಿದು ನೀರು ಕಡಿಮೆಯಾದ ಹಾಗೆ ಉಪ್ಪು ಏರುತ್ತದೆ, ಅಂಟಿನಲ್ಲೂ ಮೊದಲೇ ಉಪ್ಪಿದೆ.

ಕಂದೋ, ಕಪ್ಪೋ

ಬಣ್ಣದ ಹದವನ್ನು ನಾನು ಅಡುಗೆಮನೆಯ ಸಾಮಾನಿನಿಂದಲೇ ಅಳೆಯುತ್ತೇನೆ. ಗೋದಿಯ ಬಣ್ಣ ಇದ್ದರೆ ಇನ್ನೂ ಆಗಿಲ್ಲ. ಹುರಿದ ಶೇಂಗಾದಿಂದ ಹಳೆ ಬೆಲ್ಲದ ಬಣ್ಣದವರೆಗೆ ಒಳ್ಳೆಯದು. ಬೀಜ ತೆಗೆದ ಹುಣಸಿಯ ಬಣ್ಣಕ್ಕೆ ಬಂದರೆ ಈ ಕ್ಷಣವೇ ನೀರು ಹಾಕಬೇಕು. ಅದರಾಚೆ ಇದ್ದಿಲು.

ಸಂಶಯ ಬಂದರೆ ಪೂರ್ತಿ ಸುರಿಯುವ ಮೊದಲು ಒಂದು ಚಮಚ ನೀರನ್ನು ಒಂದೇ ಮೂಲೆಗೆ ಹಾಕಿ ತಿಕ್ಕಿ. ಅಂಟು ಪೂರ್ತಿ ಕರಗಿ ನೀರು ಚಹಾದ ಹಾಗೆ ಆದರೆ ಸರಿ. ನೀರು ತಿಳಿಯಾಗಿಯೇ ಉಳಿದು ಅದರಲ್ಲಿ ಕಪ್ಪು ಚಕ್ಕೆಗಳು ತೇಲಿದರೆ ಅವು ಎಷ್ಟು ಕುದಿಸಿದರೂ ಕರಗುವುದಿಲ್ಲ. ಸುಟ್ಟದ್ದು ಇದ್ದಿಲಾಗಿರುತ್ತದೆ. ಚಮಚದಲ್ಲಿ ಎತ್ತಿ ಆರಿಸಿ ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಟಮಾಟಿ, ಬೆಲ್ಲ, ಗರಂ ಮಸಾಲೆ ಯಾವುದೂ ಅದನ್ನು ಮುಚ್ಚುವುದಿಲ್ಲ. ಮುಚ್ಚಲು ಹೋಗಿ ನಾನು ಒಂದು ಸಲ ಮೂವತ್ತು ಜನರ ಸಾರು ಕೆಡಿಸಿದ್ದೇನೆ.

ಸುಟ್ಟರೆ ಮಾಡಬೇಕಾದದ್ದು ಒಂದೇ: ಕೆರೆಯಬೇಡಿ. ಮೇಲಿನ ಉಳ್ಳಾಗಡ್ಡಿಯನ್ನೋ ಮಟನ್ನನ್ನೋ ತಳ ಮುಟ್ಟದ ಹಾಗೆ ಎತ್ತಿ ಬೇರೆ ಪಾತ್ರೆಗೆ ಹಾಕಿ ಅಲ್ಲಿ ಮುಂದುವರಿಸಿ. ನಡುವಿನಲ್ಲಿ ಮಾತ್ರ ಸುಟ್ಟು ಸುತ್ತಲೂ ಕಂದಿದ್ದರೆ, ಒದ್ದೆ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ನಡುವಿನ ಕಪ್ಪನ್ನು ಒರೆಸಿ ತೆಗೆದು, ಸುತ್ತಲಿನದನ್ನು ಉಳಿಸಿಕೊಳ್ಳಬಹುದು. ಸಾಮಾನ್ಯವಾಗಿ ನಡುವೆ ಸುಡುವುದು ಬರ್ನರ್ ಸಣ್ಣದಿದ್ದು, ತಳ ತೆಳ್ಳಗಿದ್ದಾಗ. ನಡುನಡುವೆ ಕಡಾಯಿಯನ್ನು ಅತ್ತಿತ್ತ ಸರಿಸುತ್ತಿದ್ದರೆ ತಪ್ಪುತ್ತದೆ.

ವೈನ್ ಇಲ್ಲದವರು ಏನು ಸುರಿಯಬೇಕು

ವೈನ್‌ನಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ. ಅಂಟು ಬಿಡಿಸುವ ಕೆಲಸ ಆ ನೀರಿನದು. ವೈನ್ ಕೊಡುವುದು ಹುಳಿ ಮತ್ತು ತನ್ನದೊಂದು ಪರಿಮಳ. ಆದ್ದರಿಂದ ಅರ್ಧ ಬಟ್ಟಲು ವೈನ್ ಎಂದು ಬರೆದಿದ್ದರೆ ಅರ್ಧ ಬಟ್ಟಲು ಬಿಸಿನೀರು ಹಾಕಿ, ಒಲೆ ಆರಿಸಿದ ಮೇಲೆ ಅರ್ಧ ಚಮಚ ನಿಂಬೆರಸ ಹಿಂಡಿ. ನಿಂಬೆಯನ್ನು ಮೊದಲೇ ಹಾಕಿ ಕುದಿಸಿದರೆ ಅದರ ಘಮ ಹಾರಿಹೋಗುತ್ತದೆ. ಯಾರಾದರೂ ನಿಜಕ್ಕೂ ವೈನ್, ಬ್ರಾಂದಿ ಬಳಸುವುದಾದರೆ ಕಡಾಯಿಯನ್ನು ಒಲೆಯಿಂದ ಕೆಳಗಿಳಿಸಿ ಸುರಿಯಬೇಕು. ಮದ್ಯದ ಆವಿಗೆ ಗ್ಯಾಸಿನ ಜ್ವಾಲೆ ತಗುಲಿದರೆ ಭಗ್ ಎನ್ನುತ್ತದೆ.

ನಮ್ಮ ಕಡೆ ನೀರಿಗಿಂತ ಒಳ್ಳೆಯದೊಂದು ಮನೆಯಲ್ಲೇ ಇದೆ: ಬ್ಯಾಳಿ ಕಟ್ಟು. ತೊಗರಿ ಬೇಳೆ ಬೇಯಿಸಿ ಬಸಿದ ನೀರು. ತೊಗರಿಗೆ ಹೆಸರಾದ ಊರು ನಮ್ಮದು, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಹೋಳಿಗೆ ಮಾಡಿದ ದಿನ ಕಟ್ಟು ಉಳಿದರೆ ಕಟ್ಟಿನ ಸಾರು ಮಾಡುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಬಟ್ಟಲು ತೆಗೆದಿಟ್ಟು ಡಿಗ್ಲೇಝ್‌ಗೆ ಬಳಸಿ ನೋಡಿ, ಸಾರಿಗೆ ಮೈ ಬರುತ್ತದೆ. ಆದರೆ ಕೊನೆಯ ಸಲಕ್ಕೆ ಮಾತ್ರ. ಕಟ್ಟಿನಲ್ಲೂ ಪ್ರೋಟೀನು, ಹಿಟ್ಟಿನ ಅಂಶ ಇರುವುದರಿಂದ ಆರಲು ಬಿಟ್ಟರೆ ಅದೇ ತಳ ಹಿಡಿಯುತ್ತದೆ. ಮೊಸರು ಹಾಕುವುದಿದ್ದರೆ ಮೊದಲು ನೀರಿನಿಂದ ಅಂಟು ಬಿಡಿಸಿ, ಉರಿ ತಗ್ಗಿಸಿ, ಆಮೇಲೆ ಹಾಕಿ. ಸುಡುವ ಕಡಾಯಿಗೆ ನೇರ ಬಿದ್ದ ಮೊಸರು ಒಡೆದು ಕಾಳು ಕಾಳಾಗುತ್ತದೆ.

ಮಟನ್ ಮುಟ್ಟದ ಮನೆಗಳಿಗೆ

ಎಣ್ಣೆಗಾಯಿ ಬದನೆಕಾಯಿಗೂ ಇದೇ ಲೆಕ್ಕ, ಒಂದು ವ್ಯತ್ಯಾಸ ಇದೆ. ಅಲ್ಲಿ ತಳ ಹಿಡಿಯುವುದು ಬದನೆಕಾಯಿ ಅಲ್ಲ, ಒಳಗೆ ತುಂಬಿದ ಶೇಂಗಾ, ಎಳ್ಳಿನ ಮಸಾಲೆ. ಎಣ್ಣೆಕಾಳಿನ ಪುಡಿ ಕಂದಿನಿಂದ ಕಪ್ಪಿಗೆ ಬಹಳ ಬೇಗ ಹೋಗುತ್ತದೆ, ಶೇಂಗಾ ಸುಟ್ಟ ಕಹಿ ಮಟನ್ ಸುಟ್ಟ ಕಹಿಗಿಂತ ಕೆಟ್ಟದು. ಆದ್ದರಿಂದ ಮೊದಲು ಬದನೆಕಾಯಿಯನ್ನು ಮಸಾಲೆ ತುಂಬದೆ, ಸೀಳಿ ಒರೆಸಿ, ಎಣ್ಣೆಯಲ್ಲಿ ಮಗ್ಗುಲು ಕಂದಾಗುವತನಕ ಹುರಿದು ತೆಗೆದಿಟ್ಟುಕೊಳ್ಳಿ. ಆರಿದ ಮೇಲೆ ಮಸಾಲೆ ತುಂಬಿ. ಅದೇ ಕಡಾಯಿಯಲ್ಲಿ ಉಳ್ಳಾಗಡ್ಡಿ ಹುರಿದು, ಮೇಲೆ ಹೇಳಿದ ಹಾಗೆ ಎರಡು ಸಲ ನೀರು ಹೊಡೆದು, ಉಳಿದ ಮಸಾಲೆಯನ್ನು ತೆಳ್ಳಗೆ ನೀರಿನಲ್ಲಿ ಕದಡಿ ಸುರಿದು ಬದನೆಕಾಯಿ ಇಳಿಬಿಡಿ. ಝುಣಕಕ್ಕೆ ಮಾತ್ರ ಇದನ್ನು ಹಚ್ಚಬೇಡಿ. ಕಡಲೆಹಿಟ್ಟಿನ ಅಂಟು ನೀರು ಬಿದ್ದರೆ ಅಂಬಲಿಯಾಗುತ್ತದೆ, ರಸವಾಗುವುದಿಲ್ಲ. ಅಲ್ಲಿ ಆ ಹೊರಪನ್ನು ಕೆರೆದು ಹಾಗೇ ತಿನ್ನುವುದೇ ಚೆಂದ.

ಪುಣೆಯ ಹುಡುಗಿ ಆ ಸಂಜೆ ಫೋಟೋ ಕಳಿಸಿದ್ದಳು. ತಿಳಿ ನೀರು, ಅದರ ತುಂಬಾ ಕರಿ ಚಕ್ಕೆ. ಎಣ್ಣೆ ಹೊಗೆಯಾಡುವತನಕ ಕಾಯಿಸಿ, ಚಿಕನ್ನಿಗೆ ಮೊದಲೇ ಖಾರ ಸವರಿ ಹಾಕಿದ್ದಳಂತೆ. ಚೆಲ್ಲು ಅಂದೆ. ಎರಡು ವಾರ ಬಿಟ್ಟು ಇನ್ನೊಂದು ಫೋಟೋ ಬಂತು: ಸ್ಟೀಲ್ ಕಡಾಯಿ, ತಳ ಬೆಳ್ಳಗೆ ಹೊಳೆಯುತ್ತಿತ್ತು, ಒಂದು ಕಡೆ ಬೆಲ್ಲದ ಬಣ್ಣದ ಗಟ್ಟಿ ರಸ.

“ಚಿಗವ್ವಾ, ಕಡಾಯಿ ತಿಕ್ಕೂದೇ ಬೀಳಲಿಲ್ಲ,” ಎಂದು ಬರೆದಿದ್ದಳು. “ಕಡೀಗಿ ಅನ್ನ ಹಾಕಿ ಒರಸಿ ತಿಂದ್ಬಿಟ್ಟೆ.”